ರೇಶಿಯೋ ಸ್ಪ್ರೆಡ್: ಒಂದು ಕೊಂಡು ಎರಡು ಮಾರಿದರೆ, ಆ ಎರಡನೆಯದಕ್ಕೆ ಹೊಣೆ ಯಾರು?

2025ರ ಜುಲೈನಲ್ಲಿ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಒಂದು ಲೆಕ್ಕ ಕೊಟ್ಟಿತು. 2024-25ರಲ್ಲಿ ಎಫ್ ಅಂಡ್ ಓ, ಅಂದರೆ ಫ್ಯೂಚರ್ ಮತ್ತು ಆಪ್ಶನ್ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 91 ಮಂದಿ ದುಡ್ಡು ಕಳೆದುಕೊಂಡರು, ಒಟ್ಟು ನಷ್ಟ 1.05 ಲಕ್ಷ ಕೋಟಿ ರೂಪಾಯಿಗಿಂತ ಜಾಸ್ತಿ. ಈ ಸುದ್ದಿ ಬಂದಾಗಿನಿಂದ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ನಿಂತುಕೊಂಡೇ ಆಪ್ಶನ್ ಚೈನ್ ನೋಡುವ ನಮ್ಮ ಮುಂಬೈ ಕನ್ನಡಿಗರಲ್ಲಿ ಹಲವರು ಹೇಳುವ ಸಮಾಧಾನದ ಮಾತು ಒಂದೇ: "ಅದು ಸುಮ್ನೆ ಕಾಲ್ ಕೊಂಡು ಲಾಟರಿ ಆಡೋರ ಲೆಕ್ಕ. ನಮ್ಮದು ಹೆಜ್ ಮಾಡಿದ ಪೊಸಿಶನ್."

ಸರಿ, ಹೆಜ್ ಅಂದರೆ ನಷ್ಟಕ್ಕೆ ಹಾಕಿದ ಬೇಲಿ. ಆದರೆ ಯಾವುದು ಹೆಜ್? ಅಲ್ಲೇ ಇರುವುದು ಗೊಂದಲ. ಒಂದು ಆಪ್ಶನ್ ಕೊಂಡು, ಸ್ವಲ್ಪ ದೂರದ್ದು ಎರಡು ಮಾರುವ ರೇಶಿಯೋ ಸ್ಪ್ರೆಡ್ ನೋಡೋಕೆ ಹೆಜ್ ಥರವೇ ಇರುತ್ತದೆ. ಒಂದು ಲೆಗ್, ಅಂದರೆ ಪೊಸಿಶನ್‌ನ ಒಂದು ಭಾಗ, ಕೊಂಡಿದ್ದೂ ಇದೆ, ಮಾರಿದ್ದೂ ಇದೆ, ಕೈಯಿಂದ ಹೆಚ್ಚೇನೂ ಹೋಗಿಲ್ಲ. ಆದರೆ ಬ್ರೋಕರ್ ಆ್ಯಪ್‌ನ ಸ್ಟ್ರಾಟೆಜಿ ಪುಟದಲ್ಲಿ ಅದೇ ಪೊಸಿಶನ್ ಪಕ್ಕ `Max Loss: Unlimited` ಅಂತ ಬರುತ್ತದೆ. ಒಂದು ಲೆಗ್ ಕೊಂಡ ಮೇಲೂ ಮಿತಿಯಿಲ್ಲದ ನಷ್ಟ ಹೇಗೆ? ಆ್ಯಪ್ ತಪ್ಪು ಹೇಳುತ್ತಿದೆಯಾ? ಇಲ್ಲ, ಅದು ಹೇಳುವುದು ಸರಿಯಾಗಿಯೇ ಇದೆ.

## ದಾದರ್‌ನ ಹೂವಿನ ಲೆಕ್ಕ

ಆಪ್ಶನ್ ಬಿಟ್ಟು ಮೊದಲು ಹೂವಿನ ವಿಷಯಕ್ಕೆ ಬರೋಣ. ದಸರಾ ಹತ್ತಿರ ಬಂದಿದೆ ಅಂದುಕೊಳ್ಳಿ. ದಾದರ್ ಹೂವಿನ ಮಾರುಕಟ್ಟೆಯ ಒಬ್ಬ ವ್ಯಾಪಾರಿ ಪುಣೆ ಕಡೆಯ ರೈತನ ಹತ್ತಿರ ಮಾತಾಡಿ, ನೂರು ಕಿಲೋ ಚೆಂಡು ಹೂವನ್ನು ಕಿಲೋಗೆ 80 ರೂಪಾಯಿಯಂತೆ ತೆಗೆದುಕೊಳ್ಳುವ ಹಕ್ಕು ಪಡೆದಿದ್ದಾನೆ. ಅದಕ್ಕೆ ಸ್ವಲ್ಪ ಮುಂಗಡ ಕೊಟ್ಟಿದ್ದಾನೆ. ಇನ್ನೊಂದು ಕಡೆ ಇಬ್ಬರು ಗಿರಾಕಿಗಳಿಗೆ, "ನಿಮಗೆ ಬೇಕೆಂದರೆ ತಲಾ ನೂರು ಕಿಲೋ 110ಕ್ಕೆ ಕೊಡ್ತೀನಿ" ಅಂತ ಮಾತು ಕೊಟ್ಟು ಅವರಿಂದ ಮುಂಗಡ ತೆಗೆದುಕೊಂಡಿದ್ದಾನೆ. ಕೊಟ್ಟ ಮುಂಗಡ, ಬಂದ ಮುಂಗಡ ಹೆಚ್ಚುಕಡಿಮೆ ಸಮ. ಅಂದರೆ ಖರ್ಚಿಲ್ಲದ ವ್ಯಾಪಾರ.

ಹಬ್ಬದ ದಿನ ರೇಟು 110 ಆದರೆ ಅವನಿಗೆ ಸುಗ್ಗಿ. 80ಕ್ಕೆ ತಂದದ್ದು 110ಕ್ಕೆ ಹೋಗುತ್ತದೆ, ಮೂರು ಸಾವಿರ ಲಾಭ. ರೇಟು 60ಕ್ಕೆ ಬಿದ್ದರೂ ಚಿಂತೆಯಿಲ್ಲ. ರೈತನ ಹತ್ತಿರ ಅವನು ಹೋಗುವುದಿಲ್ಲ, ಅವನ ಹತ್ತಿರ ಗಿರಾಕಿಗಳು ಬರುವುದಿಲ್ಲ. ಆದರೆ ಮಳೆ ಬಂದು ಹೂವು ಹಾಳಾಗಿ ರೇಟು 300 ಆದರೆ? ಮೊದಲ ಗಿರಾಕಿಗೆ ರೈತನ ಹೂವು ಇದೆ, ಅಲ್ಲಿ ಮೂರು ಸಾವಿರ ಲಾಭವೇ. ಎರಡನೆಯವನಿಗೆ ಕೊಡಲು ಹೂವೇ ಇಲ್ಲ. ಅವನಿಗಾಗಿ 300ಕ್ಕೆ ಕೊಂಡು 110ಕ್ಕೆ ಕೊಡಬೇಕು. ಕಿಲೋಗೆ 190, ಅಂದರೆ 19 ಸಾವಿರ ಹೋಯಿತು. ಲಾಭ ಕಳೆದು 16 ಸಾವಿರ ನಷ್ಟ. ರೇಟು 400 ಆದರೆ ಇನ್ನೂ ಹತ್ತು ಸಾವಿರ ಸೇರುತ್ತದೆ.

ಹೀಗೆ ನಿಗದಿ ಬೆಲೆಗೆ ಕೊಳ್ಳುವ ಹಕ್ಕೇ ಕಾಲ್ ಆಪ್ಶನ್. ಆ ಬೆಲೆ ಸ್ಟ್ರೈಕ್, ಮುಂಗಡ ಪ್ರೀಮಿಯಂ, ಹಬ್ಬದ ದಿನ ಎಕ್ಸ್‌ಪೈರಿ. ಆ ಎರಡನೇ ಗಿರಾಕಿಯೇ ರೇಶಿಯೋ ಸ್ಪ್ರೆಡ್‌ನ ಹೆಚ್ಚುವರಿ ಶಾರ್ಟ್ ಲೆಗ್, ಅಂದರೆ ಹೆಚ್ಚಿಗೆ ಮಾರಿದ ಲೆಗ್. ಕೊಂಡ ಒಂದು ಲೆಗ್ ಕಾಯುವುದು ಮಾರಿದ ಒಂದನ್ನು ಮಾತ್ರ. ಇನ್ನೊಂದು ಬೆತ್ತಲೆ. ಬಜಾರಿನವರು ಅದನ್ನು ನೇಕೆಡ್ ಅಂತಲೇ ಕರೆಯುತ್ತಾರೆ.

## 2025ರ ಮೇ 9, ಶುಕ್ರವಾರ

ಈಗ ನಿಜವಾದ ನಿಫ್ಟಿ ಅಂಕಿಗಳ ಮೇಲೆ ಒಂದು ಲೆಕ್ಕ ಮಾಡೋಣ. ನಿಫ್ಟಿಯ ಮಟ್ಟಗಳು ಆಗ ನಡೆದಂತೆಯೇ ಇವೆ. ಪ್ರೀಮಿಯಂಗಳನ್ನು ಮಾತ್ರ ಆ ದಿನಗಳ ಏರಿಳಿತಕ್ಕೆ ಹೊಂದುವಂತೆ ನಾನು ಅಂದಾಜಿಗೆ ಹಾಕಿದ್ದೇನೆ.

ಆಪರೇಶನ್ ಸಿಂಧೂರ್ ನಡೆದ ವಾರ. ಶುಕ್ರವಾರ ನಿಫ್ಟಿ 24,008ಕ್ಕೆ ಮುಗಿಯಿತು. ಗಡಿಯಲ್ಲಿ ಬಿಸಿ ಇತ್ತು, ಆದ್ದರಿಂದ ಪ್ರೀಮಿಯಂಗಳೂ ಉಬ್ಬಿದ್ದವು. ಹೀಗೆ ಉಬ್ಬಿದಾಗಲೇ ಮಾರುವವರಿಗೆ ಬಾಯಲ್ಲಿ ನೀರು ಬರುವುದು. ಒಬ್ಬರು ಹೀಗೆ ಯೋಚಿಸಿದರು ಅನ್ನೋಣ: "ಮುಂದಿನ ಗುರುವಾರದೊಳಗೆ ಸ್ವಲ್ಪ ಮೇಲೆ ಹೋಗಬಹುದು, ಆದರೆ ಯುದ್ಧದ ವಾತಾವರಣದಲ್ಲಿ 24,500 ದಾಟುವುದು ಕಷ್ಟ." ಅವರು 24,200ರ ಒಂದು ಕಾಲ್ ಅನ್ನು 160ಕ್ಕೆ ಕೊಂಡರು, 24,500ರ ಎರಡು ಕಾಲ್ ಅನ್ನು ತಲಾ 85ಕ್ಕೆ ಮಾರಿದರು. ಬಂದದ್ದು 170, ಹೋದದ್ದು 160. ಹತ್ತು ಪಾಯಿಂಟ್ ಕೈಗೇ ಬಂತು. ಆಗಿನ ಲಾಟ್, ಅಂದರೆ ಒಂದು ಕಾಂಟ್ರಾಕ್ಟ್‌ನ ಪ್ರಮಾಣ, 75, ಹಾಗಾಗಿ 750 ರೂಪಾಯಿ.

ಎಕ್ಸ್‌ಪೈರಿ ದಿನದ ಪೇಆಫ್ ಗ್ರಾಫ್ ನೋಡಿದರೆ ಮನಸ್ಸು ತುಂಬುತ್ತದೆ. ನಿಫ್ಟಿ ಎಷ್ಟೇ ಬಿದ್ದರೂ ಆ 750 ಉಳಿಯುತ್ತದೆ. 24,200ರಿಂದ ಮೇಲೆ ಗುಡಾರದ ಹಾಗೆ ಲಾಭ ಏರುತ್ತದೆ. ಸರಿಯಾಗಿ 24,500ಕ್ಕೆ ಮುಗಿದರೆ 310 ಪಾಯಿಂಟ್, ಅಂದರೆ 23,250 ರೂಪಾಯಿ. ಅಲ್ಲಿಂದ ಲಾಭ ಇಳಿಯುತ್ತಾ ಬಂದು 24,810ಕ್ಕೆ ಸೊನ್ನೆ. ಶುಕ್ರವಾರದ ಮಟ್ಟಕ್ಕಿಂತ 800 ಪಾಯಿಂಟ್ ಮೇಲೆ! ನಾಲ್ಕು ದಿನದ ವಹಿವಾಟಿನಲ್ಲಿ ಅಷ್ಟು ಏರುತ್ತದಾ ಅಂತ ಯಾರಿಗಾದರೂ ಅನಿಸುತ್ತದೆ.

ಶನಿವಾರ ಸಂಜೆ ಕದನವಿರಾಮದ ಘೋಷಣೆ ಬಂತು. ಸೋಮವಾರ ನಿಫ್ಟಿ 400 ಪಾಯಿಂಟ್ ಮೇಲಕ್ಕೇ ತೆರೆದುಕೊಂಡು, ದಿನದ ಕೊನೆಗೆ 916 ಪಾಯಿಂಟ್ ಏರಿ 24,924.70ಕ್ಕೆ ನಿಂತಿತು. ಗುರುವಾರ, ಮೇ 15ರ ಎಕ್ಸ್‌ಪೈರಿಗೆ 25,062.10.

ಆ ದಿನ ಕೊಂಡ ಕಾಲ್‌ನ ಬೆಲೆ 862 ಪಾಯಿಂಟ್. ಮಾರಿದ ಎರಡರ ಬೆಲೆ ಒಟ್ಟು 1,124. ಬಂದಿದ್ದ ಹತ್ತನ್ನು ಸೇರಿಸಿದರೂ 252 ಪಾಯಿಂಟ್ ನಷ್ಟ, ಸುಮಾರು 18,900 ರೂಪಾಯಿ. ಇದು ಒಂದು ಲಾಟ್‌ನ ಕಥೆ. "ಫ್ರೀ ಟ್ರೇಡ್" ಅಂತ ಹತ್ತು ಲಾಟ್ ಹಾಕಿದ್ದವರಿಗೆ 1.89 ಲಕ್ಷ.

## ಮೂರು ಮಾರಿದರೆ?

ಮೊದಲೇ ಕೈಗೆ ಬರುವ ಕ್ರೆಡಿಟ್ ಬರೀ 750 ಅಂತ ಬೇಸರಪಟ್ಟು ಕೆಲವರು ಒಂದಕ್ಕೆ ಮೂರು ಮಾರುತ್ತಾರೆ. ಅದೇ ಬೆಲೆಗಳಲ್ಲಿ ಕ್ರೆಡಿಟ್ 95 ಪಾಯಿಂಟ್ ಆಗುತ್ತದೆ, ಅಂದರೆ 7,125 ರೂಪಾಯಿ. ಆದರೆ ಈಗ ಬೆತ್ತಲೆ ಇರುವುದು ಒಂದಲ್ಲ, ಎರಡು.

ಮೇಲಿನ ಬ್ರೇಕ್‌ಈವನ್, ಅಂದರೆ ಲಾಭ ಸೊನ್ನೆಯಾಗುವ ಮಟ್ಟ, ಕಂಡುಹಿಡಿಯುವುದು ಸುಲಭ. ಎರಡು ಸ್ಟ್ರೈಕ್‌ಗಳ ಅಂತರಕ್ಕೆ ಕ್ರೆಡಿಟ್ ಸೇರಿಸಿ, ಅದನ್ನು ಬೆತ್ತಲೆ ಲಾಟ್‌ಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮಾರಿದ ಸ್ಟ್ರೈಕ್‌ಗೆ ಕೂಡಿಸಿ. ಮೊದಲನೆಯದರಲ್ಲಿ 310ನ್ನು ಒಂದರಿಂದ ಭಾಗಿಸಿದೆವು. ಇಲ್ಲಿ 395ನ್ನು ಎರಡರಿಂದ ಭಾಗಿಸಬೇಕು, 197.5 ಬರುತ್ತದೆ. ಅಂದರೆ ಅಪಾಯದ ಗೆರೆ 24,810ರಿಂದ ಸುಮಾರು 24,698ಕ್ಕೆ ಹತ್ತಿರ ಬಂತು. ಅದು ದಾಟಿದ ಮೇಲೆ ನಷ್ಟದ ಓಟವೂ ದುಪ್ಪಟ್ಟು: ಪ್ರತಿ ಪಾಯಿಂಟ್‌ಗೆ 75ರ ಬದಲು 150 ರೂಪಾಯಿ. ಮೇ 15ರ ಲೆಕ್ಕದಲ್ಲಿ ಇದು 54,690 ರೂಪಾಯಿ ನಷ್ಟ. ಹೆಚ್ಚಿಗೆ ಸಿಕ್ಕಿದ್ದು ಆರು ಸಾವಿರ ಚಿಲ್ಲರೆ, ಹೆಚ್ಚಿಗೆ ಹೋದದ್ದು 35 ಸಾವಿರದ ಮೇಲೆ.

## ಗ್ರಾಫ್ ಹೇಳದ ಮಾತು

ಇಷ್ಟು ಎಕ್ಸ್‌ಪೈರಿ ದಿನದ ಕಥೆ. ಜನ ನಿಜವಾಗಿ ಸಿಕ್ಕಿಬೀಳುವುದು ಅದಕ್ಕೂ ಮೊದಲೇ.

ಗುಡಾರದ ಗ್ರಾಫ್ ಕೊನೆಯ ದಿನದ ಚಿತ್ರ, ಅವತ್ತು ಆಪ್ಶನ್‌ಗಳಲ್ಲಿ ಟೈಮ್ ವ್ಯಾಲ್ಯೂ, ಅಂದರೆ ಬಾಕಿ ದಿನಗಳಿಗೆ ಕೊಡುವ ಬೆಲೆ, ಉಳಿದಿರುವುದಿಲ್ಲ. ಸೋಮವಾರ ಇನ್ನೂ ಮೂರು ದಿನ ಬಾಕಿ ಇತ್ತು. ಬೆಳಗ್ಗೆ ನಿಫ್ಟಿ 24,420ರ ಆಸುಪಾಸಿನಲ್ಲಿ ತೆರೆದಾಗ ಅದು ಗುಡಾರದ ಒಳಗೇ ಇತ್ತು. ಗ್ರಾಫ್ ಪ್ರಕಾರ 230 ಪಾಯಿಂಟ್ ಲಾಭದ ಜಾಗ. ಆದರೆ ಸ್ಕ್ರೀನ್ ಮೇಲೆ ಕಾಣುವ ಲಾಭ 40 ಪಾಯಿಂಟ್ ಇದ್ದಿರಬಹುದು, ಅಷ್ಟೇ. ಯಾಕೆಂದರೆ ಮಾರಿದ ಎರಡು ಕಾಲ್‌ಗಳು ಆಗ ಸ್ಟ್ರೈಕ್‌ನ ಹತ್ತಿರವೇ ಇದ್ದವು, ಅವುಗಳಲ್ಲಿ ಟೈಮ್ ವ್ಯಾಲ್ಯೂ ತುಂಬಿತ್ತು. "ಲಾಭದ ಜಾಗದಲ್ಲೇ ಇದ್ದೀವಿ, ಬರುತ್ತೆ, ಕಾಯೋಣ" ಅಂತ ಕೂತವರು ಸಂಜೆಗೆ ನೋಡಿದರೆ ಅಂದಾಜು 170 ಪಾಯಿಂಟ್ ನಷ್ಟ. ಅದೇ ಮಟ್ಟಕ್ಕೆ ಎಕ್ಸ್‌ಪೈರಿ ಗ್ರಾಫ್ ತೋರಿಸುವುದು 115 ಮಾತ್ರ. ಅಂದರೆ ಗ್ರಾಫ್ ಲಾಭದಲ್ಲೂ ಸುಳ್ಳು ಆಸೆ ಕೊಟ್ಟಿತು, ನಷ್ಟವನ್ನೂ ಕಡಿಮೆ ಮಾಡಿ ತೋರಿಸಿತು.

ಇದಕ್ಕೆ ಕಾರಣ ಡೆಲ್ಟಾ. ಹೆಸರು ಕೇಳಿ ಹೆದರಬೇಡಿ. ನಿಫ್ಟಿ ಒಂದು ಪಾಯಿಂಟ್ ಏರಿದರೆ ಆಪ್ಶನ್ ಬೆಲೆ ಎಷ್ಟು ಏರುತ್ತದೆ ಅನ್ನುವುದೇ ಡೆಲ್ಟಾ. ಶುಕ್ರವಾರ ಕೊಂಡ ಕಾಲ್‌ನದು ಸುಮಾರು 0.38, ಮಾರಿದ ಎರಡರದು ಸೇರಿ ಸುಮಾರು 0.42. ಹೆಚ್ಚುಕಡಿಮೆ ಸಮ. ಇದಕ್ಕೇ "ನ್ಯೂಟ್ರಲ್" ಅಂತ ಖುಷಿಪಡುವುದು. ಆದರೆ ನಿಫ್ಟಿ ಏರಿದಂತೆ ಕೊಂಡದ್ದರ ಡೆಲ್ಟಾ ಒಂದಕ್ಕಿಂತ ಮೇಲೆ ಹೋಗಲಾರದು, ಮಾರಿದ್ದರ ಮೊತ್ತ ಎರಡರವರೆಗೂ ಹೋಗಬಹುದು. ಸೋಮವಾರ ಸಂಜೆಗೆ ಕೊಂಡದ್ದು 0.96ರ ಹತ್ತಿರ, ಮಾರಿದ್ದು 1.7. ಶುಕ್ರವಾರ ಯಾವ ಕಡೆಗೂ ವಾಲದೆ ಇದ್ದ ಪೊಸಿಶನ್ ಸೋಮವಾರ ಮುಕ್ಕಾಲು ಲಾಟ್ ಫ್ಯೂಚರ್ ಶಾರ್ಟ್ ಮಾಡಿದ ಹಾಗೆ ಆಗಿಹೋಗಿತ್ತು, ಅದೂ ಮಾರ್ಕೆಟ್ ಹಾರುತ್ತಿರುವಾಗ. ಯಾರೂ ಹೊಸ ಆರ್ಡರ್ ಹಾಕಿಲ್ಲ. ಅದು ತಾನಾಗಿಯೇ ಆದದ್ದು.

ಇಂತಿಷ್ಟು ನಷ್ಟಕ್ಕೆ ತಾನಾಗಿ ಹೊರತರುವ ಸ್ಟಾಪ್‌ಲಾಸ್ ಆರ್ಡರ್ ಹಾಕಿದ್ದರೆ? ಶುಕ್ರವಾರ ಮೂರೂವರೆಗೆ ಬಾಗಿಲು ಹಾಕಿದ ಮಾರ್ಕೆಟ್ ಸೋಮವಾರ ಒಂಬತ್ತೂಕಾಲಿಗೆ ತೆರೆಯುತ್ತದೆ. ನಡುವಿನ ಬೆಲೆಗಳಲ್ಲಿ ವ್ಯಾಪಾರವೇ ನಡೆದಿಲ್ಲ. ಈ ಸಲ ತೆರೆದಾಗ ನಿಫ್ಟಿ ಗುಡಾರದ ಒಳಗೇ ಇತ್ತು, ಹೊರಬರಲು ಸಮಯ ಸಿಕ್ಕಿತು. ತೆರೆಯುವಾಗಲೇ ಬ್ರೇಕ್‌ಈವನ್ ದಾಟಿದ್ದರೆ ಸ್ಟಾಪ್‌ಲಾಸ್ ಎಲ್ಲಿ ಕೆಲಸ ಮಾಡಬೇಕು?

## ಪುಟ್ ಕಡೆ: ಗೆದ್ದೂ ಸೋತ ವಾರ

ಪುಟ್ ಅಂದರೆ ನಿಗದಿ ಬೆಲೆಗೆ ಮಾರುವ ಹಕ್ಕು. ಪುಟ್ ರೇಶಿಯೋದಲ್ಲಿ ನಷ್ಟ "ಅನ್‌ಲಿಮಿಟೆಡ್" ಅಲ್ಲ ಅಂತ ವಾದ ಮಾಡುವವರಿದ್ದಾರೆ. ಲೆಕ್ಕದ ಮಟ್ಟಿಗೆ ನಿಜ, ನಿಫ್ಟಿ ಸೊನ್ನೆಗಿಂತ ಕೆಳಗೆ ಹೋಗಲ್ಲ. ಆದರೆ ಸೊನ್ನೆ ತುಂಬಾ ದೂರ ಇದೆ, ನಿಮ್ಮ ಅಕೌಂಟ್ ಅದಕ್ಕಿಂತ ಮೊದಲೇ ಖಾಲಿಯಾಗುತ್ತದೆ.

2024ರ ಜೂನ್ 3ಕ್ಕೆ ಹೋಗೋಣ. ಎಕ್ಸಿಟ್ ಪೋಲ್ ನೋಡಿ ಮಾರ್ಕೆಟ್ ಕುಣಿದು ನಿಫ್ಟಿ 23,263.90ಕ್ಕೆ ಮುಗಿದಿತ್ತು. ಫಲಿತಾಂಶದ ದಿನ ಸ್ವಲ್ಪ ಇಳಿಯಬಹುದು ಅಂತ ಒಬ್ಬರು 23,000ದ ಒಂದು ಪುಟ್ ಕೊಂಡು 22,700ರ ಎರಡು ಮಾರಿದರು ಅಂದುಕೊಳ್ಳಿ. ಪ್ರೀಮಿಯಂ ಸರಿಸಮ, ಖರ್ಚು ಸೊನ್ನೆ ಅನ್ನೋಣ. ಜೂನ್ 4ರಂದು ನಿಫ್ಟಿ ಒಂದು ಹಂತದಲ್ಲಿ 21,281ರವರೆಗೆ ಬಿದ್ದು, 21,884.50ಕ್ಕೆ ಮುಗಿಯಿತು. ಆ ತಳದಲ್ಲಿ ಕೊಂಡ ಪುಟ್‌ನಿಂದ 1,719 ಪಾಯಿಂಟ್ ಬರಬೇಕು, ಮಾರಿದ ಎರಡಕ್ಕೆ 2,838 ಹೋಗಬೇಕು. ಟೈಮ್ ವ್ಯಾಲ್ಯೂ ಬಿಟ್ಟೇ 1,119 ಪಾಯಿಂಟ್ ನಷ್ಟ.

ಎರಡು ದಿನ ಬಿಟ್ಟು, ಜೂನ್ 6ರ ಎಕ್ಸ್‌ಪೈರಿಗೆ ನಿಫ್ಟಿ 22,821.40. ಮಾರಿದ ಎರಡೂ ಪುಟ್ ಸೊನ್ನೆ, ಕೊಂಡದ್ದು 178 ಪಾಯಿಂಟ್. ಅಂದರೆ ಲಾಭ! ಅಂದಾಜು ಸರಿಯಾಗಿಯೇ ಇತ್ತು. ಆದರೆ ಆ ಮಂಗಳವಾರ ಮಧ್ಯಾಹ್ನ ಸಾವಿರ ಪಾಯಿಂಟ್ ನಷ್ಟಕ್ಕೆ ಬೇಕಾದ ದುಡ್ಡು ಅಕೌಂಟಿನಲ್ಲಿ ಇದ್ದವರಿಗೆ ಮಾತ್ರ ಆ ಗುರುವಾರ ಸಿಕ್ಕಿತು. ಇಲ್ಲದವರ ಪೊಸಿಶನ್ ಅನ್ನು ಬ್ರೋಕರ್‌ನ ರಿಸ್ಕ್ ವಿಭಾಗ ತಳದಲ್ಲೇ ಕತ್ತರಿಸಿ ಹಾಕುತ್ತದೆ. ಅವರ ಮಟ್ಟಿಗೆ ವಾರ ಅಲ್ಲಿಗೇ ಮುಗಿಯಿತು.

## ಮಾರ್ಜಿನ್ ಇದೆಯಲ್ಲ, ಅದು ಕಾಪಾಡಲ್ವಾ?

ಮಾರ್ಜಿನ್ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಬ್ರೋಕರ್ ಹಿಡಿದಿಟ್ಟುಕೊಂಡ ದುಡ್ಡೇ ನಷ್ಟದ ಮಿತಿ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಸ್ಪ್ಯಾನ್ ಮಾರ್ಜಿನ್ ಅಂದರೆ ಒಂದು ದಿನದಲ್ಲಿ ಆಗಬಹುದಾದ ದೊಡ್ಡ ಏರಿಳಿತಕ್ಕೆ ಮಾಡಿದ ಅಂದಾಜು. ಅದಕ್ಕಿಂತ ಹೆಚ್ಚು ಹೋದರೆ ಬಾಕಿಯನ್ನು ನೀವೇ ತರಬೇಕು.

ರೇಶಿಯೋ ಸ್ಪ್ರೆಡ್‌ನಲ್ಲಿ ಮಾರಿದ ಒಂದು ಲಾಟ್‌ಗೆ ಹೆಜ್‌ನ ರಿಯಾಯಿತಿ ಸಿಗುತ್ತದೆ, ಇನ್ನೊಂದಕ್ಕೆ ಪೂರ್ತಿ ನೇಕೆಡ್ ಮಾರ್ಜಿನ್ ಬೇಕು. ಎಕ್ಸ್‌ಚೇಂಜ್‌ನ ಕಣ್ಣಿಗೆ ಇದು ಹೆಜ್ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆರ್ಡರ್ ಹಾಕುವ ಮೊದಲು ಕೇಳುವ ಮಾರ್ಜಿನ್ ಸಾಮಾನ್ಯ ಸ್ಪ್ರೆಡ್‌ಗಿಂತ ಹಲವು ಪಟ್ಟು ಇದ್ದರೆ, ಎಲ್ಲೋ ಒಂದು ಲೆಗ್ ಬೆತ್ತಲೆ ಇದೆ ಅಂತಲೇ ಅರ್ಥ. ಇನ್ನೊಂದು ತೊಡಕೂ ಇದೆ: ಏರಿಳಿತ ಜಾಸ್ತಿಯಾದಾಗ ಮಾರ್ಜಿನ್ ಕೂಡ ಏರುತ್ತದೆ. ನಷ್ಟ ಮತ್ತು ಹೆಚ್ಚಿನ ದುಡ್ಡಿನ ಬೇಡಿಕೆ ಒಂದೇ ದಿನ ಬಾಗಿಲು ತಟ್ಟುತ್ತವೆ.

ಸೆಬಿ 2024ರ ಅಕ್ಟೋಬರ್ 1ರ ಸುತ್ತೋಲೆಯಲ್ಲಿ ಇನ್ನೊಂದು ಪದರ ಸೇರಿಸಿತು. ಎಕ್ಸ್‌ಪೈರಿ ದಿನ, ಅಂದೇ ಮುಗಿಯುವ ಶಾರ್ಟ್ ಇಂಡೆಕ್ಸ್ ಆಪ್ಶನ್‌ಗಳ ಮೇಲೆ ಕಾಂಟ್ರಾಕ್ಟ್ ಮೌಲ್ಯದ 2% ಹೆಚ್ಚುವರಿ ಮಾರ್ಜಿನ್. ಅದು 2024ರ ನವೆಂಬರ್ 20ರಿಂದ ಜಾರಿಯಲ್ಲಿದೆ. ನಮ್ಮ ಉದಾಹರಣೆಯ ಲಾಟ್ ಸುಮಾರು 18 ಲಕ್ಷದ್ದು, ಹಾಗಾಗಿ ಮಾರಿದ ಪ್ರತಿ ಲಾಟ್‌ಗೆ 36 ಸಾವಿರ. ಎರಡಕ್ಕೆ 72 ಸಾವಿರ, 750 ರೂಪಾಯಿ ಕ್ರೆಡಿಟ್‌ಗಾಗಿ. ಎಕ್ಸ್‌ಪೈರಿಯವರೆಗೆ ಕಾಯುವುದೇ ಈ ಆಟದ ಜೀವ, ಆದರೆ ಕಾಯುವ ಬಾಡಿಗೆ ಈಗ ಆ ದಿನವೇ ಏರುತ್ತದೆ.

ಮಾರುವವರಿಗೆ ಇದು ಸಿಟ್ಟು. "ನಾವು ಲೆಕ್ಕ ಹಾಕಿ ಮಾರುವವರು, ಹತ್ತರಲ್ಲಿ ಎಂಟು ವಾರ ಗೆಲ್ಲುತ್ತೇವೆ, ನಮಗೇಕೆ ಶಿಕ್ಷೆ" ಅನ್ನುತ್ತಾರೆ. ಅವರ ಮಾತು ಪೂರ್ತಿ ತಪ್ಪಲ್ಲ. ಹೆಚ್ಚು ದುಡ್ಡು ಪಕ್ಕಕ್ಕಿಟ್ಟು, ಲಾಟ್ ಕಡಿಮೆ ಇಟ್ಟು, ಬ್ರೇಕ್‌ಈವನ್‌ಗೆ ಬಹಳ ಮೊದಲೇ ಹೊರಬರುವ ಶಿಸ್ತು ಇರುವವರಿಗೆ ರೇಶಿಯೋ ಸ್ಪ್ರೆಡ್ ಒಂದು ಉಪಯೋಗದ ಸಾಧನವೇ. ಆದರೆ ಗೆದ್ದ ವಾರಗಳ ಸಂಖ್ಯೆಯನ್ನು ಎಣಿಸುವುದು ಸರಿಯಾದ ಲೆಕ್ಕ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಫ್ಟಿ 24,200 ದಾಟದ ವಾರಗಳಲ್ಲಿ ಸಿಗುವುದು 750. ಒಂದು ಮೇ 15 ಬಂದರೆ ಅಂಥ 25 ವಾರಗಳ ಗಳಿಕೆ ಹೋಗುತ್ತದೆ. ಗುಡಾರದ ತುದಿಯ ಹತ್ತಿರ ಮುಗಿಯುವ ವಾರಗಳು ನಡುವೆ ಬಂದು ಕಾಪಾಡಬೇಕು, ಅವು ಎಷ್ಟು ಸಲ ಬರುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

## ಹೊರಬರುವಾಗಿನ ಎಡವಟ್ಟು

ಇನ್ನೊಂದು ತಪ್ಪು ಬಹಳ ಸಾಮಾನ್ಯ. ಮಾರ್ಕೆಟ್ ಏರಿದಾಗ ಪೊಸಿಶನ್ ಪುಟದಲ್ಲಿ ಕೊಂಡ ಲೆಗ್ ಹಸಿರು, ಮಾರಿದ್ದು ಕೆಂಪು. ಮನಸ್ಸು ಹಸಿರನ್ನು ಮೊದಲು ಕೈಗೆ ತೆಗೆದುಕೊಳ್ಳಲು ಹೇಳುತ್ತದೆ. ಕೊಂಡ ಕಾಲ್ ಮಾರಿದ ಕ್ಷಣವೇ ಎರಡೂ ಶಾರ್ಟ್‌ಗಳು ಬೆತ್ತಲೆ ಆಗುತ್ತವೆ, ಮಾರ್ಜಿನ್ ಬೇಡಿಕೆ ಜಿಗಿಯುತ್ತದೆ, ನಷ್ಟದ ಓಟ ದುಪ್ಪಟ್ಟಾಗುತ್ತದೆ. ಕ್ರಮ ಉಲ್ಟಾ ಇರಬೇಕು: ಮಾರಿದ್ದನ್ನು ಮೊದಲು ಮರಳಿ ಕೊಳ್ಳಿ, ಆಮೇಲೆ ಕೊಂಡದ್ದನ್ನು ಮಾರಿ. ಹಾಕುವಾಗ ಮೊದಲು ಕೊಳ್ಳುವುದು, ತೆಗೆಯುವಾಗ ಕೊನೆಗೆ ಮಾರುವುದು.

ಶೇರುಗಳ ಆಪ್ಶನ್‌ನಲ್ಲಿ ಇದು ಇನ್ನೂ ಬಿಗಿ. ಅಲ್ಲಿ ದುಡ್ಡಿನ ಲೆಕ್ಕಕ್ಕೆ ಮುಗಿಯುವುದಿಲ್ಲ, ಶೇರನ್ನೇ ಕೊಡಬೇಕು. ಹೆಚ್ಚುವರಿ ಶಾರ್ಟ್ ಕಾಲ್ ಎಕ್ಸ್‌ಪೈರಿವರೆಗೆ ಉಳಿದು ಇನ್ ದಿ ಮನಿ ಆದರೆ, ಅಂದರೆ ಶೇರಿನ ಬೆಲೆ ಸ್ಟ್ರೈಕ್ ದಾಟಿ ಮೇಲಿದ್ದರೆ, ನಿಮ್ಮ ಡೀಮ್ಯಾಟ್‌ನಲ್ಲಿ ಇಲ್ಲದ ಶೇರುಗಳನ್ನು ಕೊಡುವ ಹೊಣೆ ತಲೆಗೆ ಬರುತ್ತದೆ.

## 25 ಪಾಯಿಂಟ್‌ನ ರೆಕ್ಕೆ

ಆ ಬೆತ್ತಲೆ ಲೆಗ್‌ಗೆ ಬಟ್ಟೆ ತೊಡಿಸುವುದು ಕಷ್ಟವೇನಲ್ಲ. ಇನ್ನೂ ದೂರದ ಒಂದು ಕಾಲ್ ಕೊಂಡರೆ ಸಾಕು, ಬಜಾರಿನಲ್ಲಿ ಅದಕ್ಕೆ ವಿಂಗ್ ಅನ್ನುತ್ತಾರೆ. ಮೇ 9ರಂದು 24,900ರ ಕಾಲ್ ಅಂದಾಜು 25ಕ್ಕೆ ಸಿಗುತ್ತಿತ್ತು ಅನ್ನೋಣ. ಅದನ್ನು ಸೇರಿಸಿದರೆ ಎರಡು ಕೊಂಡದ್ದು, ಎರಡು ಮಾರಿದ್ದು. ಹತ್ತು ಪಾಯಿಂಟ್ ಕ್ರೆಡಿಟ್ ಹೋಗಿ 15 ಪಾಯಿಂಟ್ ಖರ್ಚಾಗುತ್ತದೆ. ನಿಫ್ಟಿ ಬಿದ್ದರೆ 1,125 ರೂಪಾಯಿ ನಷ್ಟ. ಎಷ್ಟೇ ಏರಿದರೂ ನಷ್ಟ 115 ಪಾಯಿಂಟ್, ಅಂದರೆ 8,625 ರೂಪಾಯಿಗೆ ನಿಲ್ಲುತ್ತದೆ. ಮಾರ್ಜಿನ್ ಕೂಡ ಗಣನೀಯವಾಗಿ ಇಳಿಯುತ್ತದೆ. ಗುಡಾರದ ತುದಿ 310ರಿಂದ 285ಕ್ಕೆ ಇಳಿಯುತ್ತದೆ, ಅಷ್ಟೇ.

ಜನ ಇದನ್ನು ಬಿಡುವುದು ಒಂದೇ ಕಾರಣಕ್ಕೆ. ಆ 1,875 ರೂಪಾಯಿ ಕೊಟ್ಟರೆ "ಫ್ರೀ" ಅನ್ನುವ ಮಾತು ಹೋಗಿಬಿಡುತ್ತದೆ. ಬೇಕಾದಾಗ ಕೊಂಡರಾಯಿತು ಅಂದುಕೊಳ್ಳುತ್ತಾರೆ. ಆದರೆ ಮೇ 12ರ ಸಂಜೆ, ನಿಫ್ಟಿ 24,925ರ ಹತ್ತಿರ ನಿಂತಾಗ, ಅದೇ 24,900ರ ಕಾಲ್ ಅಂದಾಜು 175 ಆಗಿರುತ್ತದೆ. ಆಗ ಕೊಂಡರೂ ನಷ್ಟಕ್ಕೆ ಮಿತಿ ಬೀಳುತ್ತದೆ, ಆದರೆ 265 ಪಾಯಿಂಟ್‌ಗೆ, ಅಂದರೆ 19,875 ರೂಪಾಯಿಗೆ. ಏನೂ ಮಾಡದೆ ಗುರುವಾರದವರೆಗೆ ಬೆತ್ತಲೆಯಾಗಿಯೇ ಕೂತವರು ಕಳೆದುಕೊಂಡದ್ದಕ್ಕಿಂತ ಅದು ಸುಮಾರು ಸಾವಿರ ರೂಪಾಯಿ ಜಾಸ್ತಿ.